ಇಪ್ಪತ್ತೊಂಬತ್ತರ ಶನಿ

“ನನಗೆ ಇಪ್ಪತ್ತೊಂಬತ್ತು ನಡೆಯುತ್ತಿದೆ. ಕೆಲಸವೂ ನೆಲೆ ನಿಲ್ಲುತ್ತಿಲ್ಲ, ಮದುವೆಯೂ ಕೂಡಿ ಬರುತ್ತಿಲ್ಲ. ಇದು ಸಾಡೇಸಾತಿಯೇ?”

ವಯಸ್ಸನ್ನು ಕೇಳಿ ಅದನ್ನು ಹೇಳಲು ಬರುವುದಿಲ್ಲ. ಸಾಡೇಸಾತಿಯನ್ನು ಚಂದ್ರನಿಂದ ಎಣಿಸುತ್ತಾರೆ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರನ್ನು ಶನಿ ದಾಟುವ ಏಳೂವರೆ ವರ್ಷ ಅದು. ಇಪ್ಪತ್ತೊಂಬತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಬರುವುದೇ ಬೇರೆ. ಶನಿಗೆ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹುಟ್ಟಿದಾಗ ಅವನಿದ್ದ ಅಂಶಕ್ಕೇ ಆಗ ಮರಳುತ್ತಾನೆ. ಪಾಶ್ಚಾತ್ಯ ಜ್ಯೋತಿಷ್ಯ ಇದನ್ನು ಸ್ಯಾಟರ್ನ್ ರಿಟರ್ನ್ ಎನ್ನುತ್ತದೆ, ಬದುಕನ್ನು ಬುಡದಿಂದ ಮರುಜೋಡಿಸುವ ಕಾಲವೆಂದು ಓದುತ್ತದೆ.

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳ ಜಾತಕ ನನ್ನೆದುರು ಬಂದಿತ್ತು. 1997ರ ಮಾರ್ಚ್ ಕೊನೆಯ ವಾರ, ಮಧ್ಯಾಹ್ನದ ಜನನ. ಮಿಥುನ ಲಗ್ನ, ವೃಶ್ಚಿಕ ರಾಶಿ, ಮೀನದಲ್ಲಿ ಶನಿ. ವೃಶ್ಚಿಕದ ಸಾಡೇಸಾತಿ 2020ರ ಜನವರಿಯಲ್ಲೇ ಮುಗಿದಿದೆ. ಆದರೂ ಮನೆಯವರು ಶನಿವಾರ ತಪ್ಪದೆ ಎಳ್ಳೆಣ್ಣೆ ದೀಪ ಹಚ್ಚುತ್ತಾ “ಕಾಟ ಇನ್ನೂ ಬಿಟ್ಟಿಲ್ಲ” ಎನ್ನುತ್ತಿದ್ದರು.

ಅವಳ ಶನಿ ಮರಳುವುದು ಒಂದೇ ಸಲಕ್ಕಲ್ಲ. ಪ್ರತಿ ವರ್ಷ ನಾಲ್ಕೂವರೆ ತಿಂಗಳಷ್ಟು ಅವನು ವಕ್ರಿಯಾಗುವುದರಿಂದ ಅದೇ ಅಂಶವನ್ನು 2026ರ ಮೇ ಹೊತ್ತಿಗೊಮ್ಮೆ, ಹಿಂದೆ ಸರಿಯುತ್ತಾ ಅಕ್ಟೋಬರ್ ಸುಮಾರಿಗೊಮ್ಮೆ, ಮತ್ತೆ ನೇರವಾಗಿ 2027ರ ಫೆಬ್ರವರಿ ಹೊತ್ತಿಗೊಮ್ಮೆ ಮುಟ್ಟುತ್ತಾನೆ. ಮೊದಲ ಸಲ ಪ್ರಶ್ನೆ ಏಳುತ್ತದೆ, ಎರಡನೆಯದು ಅದನ್ನು ಒರೆಗೆ ಹಚ್ಚುತ್ತದೆ, ಮೂರನೆಯದರಲ್ಲಿ ತೀರ್ಮಾನ ಗಟ್ಟಿಯಾಗುತ್ತದೆ ಎಂದು ಓದುವುದು ವಾಡಿಕೆ. ಕೆಲವರಿಗೆ ಒಂದೇ ಸಲಕ್ಕೆ ಮುಗಿದುಬಿಡುತ್ತದೆ. ಪಾಶ್ಚಾತ್ಯ ಆ್ಯಪ್‌ಗಳಲ್ಲಿ ಅವಳ ಶನಿ ಮೇಷದಲ್ಲಿ ಕಾಣುತ್ತಾನೆ. ಅದು ತಪ್ಪಲ್ಲ, ಅವರ ರಾಶಿಚಕ್ರದ ಆರಂಭ ನಮ್ಮದಕ್ಕಿಂತ ಸುಮಾರು 24 ಅಂಶ ಹಿಂದಿದೆ. ರಾಶಿಯ ಹೆಸರು ಬದಲಾದರೂ ಮರಳುವ ಕಾಲ ಹೆಚ್ಚೇನೂ ಬದಲಾಗುವುದಿಲ್ಲ.

ಒಂದೇ ವರ್ಷ ಹುಟ್ಟಿದವರೆಲ್ಲರಿಗೂ ಇದು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಹಾಗಾಗಿ ಓದಿಗೆ ಬೇಕಾದದ್ದು ಭಾವ, ಅಂದರೆ ಲಗ್ನದಿಂದ ಎಣಿಸಿದರೆ ಶನಿ ಎಷ್ಟನೆಯ ಮನೆಯಲ್ಲಿದ್ದಾನೆ ಎಂಬುದು. ಅವಳ ಶನಿ ಹತ್ತರಲ್ಲಿದ್ದಾನೆ, ಅಂದರೆ ಕರ್ಮಸ್ಥಾನದಲ್ಲಿ. ಪ್ರಶ್ನೆ ಮದುವೆಯದಲ್ಲ, ಉದ್ಯೋಗದ್ದು ಎಂದು ನಾನು ಹೇಳಿದೆ. ಹುಟ್ಟಿದ ಸಮಯ ಒಂದೆರಡು ಗಂಟೆ ಆಚೀಚೆಯಾದರೆ ಲಗ್ನ ಜರುಗಿ ಈ ಓದು ಬಿದ್ದುಹೋಗುತ್ತದೆ. ಆಸ್ಪತ್ರೆಯ ಚೀಟಿ ತರಿಸಿ ನೋಡಿದ್ದು ಅದಕ್ಕೇ. ಇಂಥದ್ದೇ ಘಟನೆ ನಡೆಯುತ್ತದೆ ಎಂದು ಶನಿಯ ಮರಳುವಿಕೆಯೊಂದರಿಂದ ಯಾರಾದರೂ ಹೇಳಿದರೆ ನಂಬಬೇಡಿ.

ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬರಬೇಕೆಂಬುದು ಅವಳ ಆಸೆ. ಹಳೆಯ ಅಡಿಕೆ ಮರಗಳನ್ನು ಅವಳ ಅಪ್ಪ ಒಟ್ಟಿಗೆ ಕಡಿದವರಲ್ಲ. ನಡುವೆ ಎಳೆಸಸಿ ನೆಟ್ಟು, ಅವು ಮೇಲೆದ್ದ ಮೇಲೆ ಒಂದೊಂದೇ ಮುದಿಮರ ತೆಗೆದವರು. ನೀನೂ ಹಾಗೆಯೇ ಮಾಡು, ಫೆಬ್ರವರಿಯವರೆಗೆ ಕೆಲಸದ ರಾಜೀನಾಮೆ ಬರೆಯಬೇಡ ಎಂದೆ. ಈಗ ತಿಂಗಳಿಗೆರಡು ಸಲ ರಾತ್ರಿ ಬಸ್ ಹಿಡಿದು ಊರಿಗೆ ಬರುತ್ತಾಳೆ, ಅಪ್ಪನ ಜೊತೆ ಕೂತು ತೋಟದ ಲೆಕ್ಕದ ಪುಸ್ತಕ ಬಿಡಿಸುತ್ತಾಳೆ.