ಕಾಸರಗೋಡಿನ ಅಂಗಡಿ, ಮಂಗಳೂರಿನ ಗಿರಾಕಿ: ಬಿಲ್ಲಿಗೆ ಯಾವ ಜಿಎಸ್‌ಟಿ?

"ನಮ್ಮದು ಕಾಸರಗೋಡಿನಲ್ಲಿ ಪೈಪಿನ ಅಂಗಡಿ. ಮಂಗಳೂರಿನ ವ್ಯಾಪಾರಿ ಮಾಲು ತೆಗೆದುಕೊಂಡರೆ ಐಜಿಎಸ್‌ಟಿ ಹಾಕಬೇಕೋ, ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಬೇಕೋ? ಮಾಲು ಮಂಜೇಶ್ವರದಲ್ಲೇ ಇಳಿದರೆ?"

ಎರಡಕ್ಕೂ ಐಜಿಎಸ್‌ಟಿ. ಎರಡನೆಯದನ್ನು ಹೆಚ್ಚಿನವರು ನಂಬುವುದಿಲ್ಲ. ಲಾರಿ ತಲಪಾಡಿ ದಾಟದಿದ್ದರೆ ಅದು ಕೇರಳದೊಳಗಿನ ವ್ಯಾಪಾರವೆಂದೇ ಲೆಕ್ಕ ಹಾಕುತ್ತಾರೆ. ಆದರೆ ಕಾನೂನು ನೋಡುವುದು ಮಾರುವವನ ರಾಜ್ಯ ಮತ್ತು 'ಪೂರೈಕೆಯ ಸ್ಥಳ' ಎಂಬ ಎರಡನ್ನೇ. ಎರಡೂ ಒಂದೇ ರಾಜ್ಯವಾದರೆ ತೆರಿಗೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎಂದು ಅರ್ಧರ್ಧ ಒಡೆಯುತ್ತದೆ, ಬೇರೆಯಾದರೆ ಇಡಿಯಾಗಿ ಐಜಿಎಸ್‌ಟಿ.

ಮೊದಲು ಸುಲಭದ್ದು. ₹40,000ದ ಪಿವಿಸಿ ಪೈಪು, ತೆರಿಗೆ 18%. ಉಪ್ಪಳದ ನೋಂದಾಯಿತ ಅಂಗಡಿಗಾದರೆ ಸಿಜಿಎಸ್‌ಟಿ ₹3,600, ಎಸ್‌ಜಿಎಸ್‌ಟಿ ₹3,600. ಮಂಗಳೂರಿನ ನೋಂದಾಯಿತ ಅಂಗಡಿಗೆ ಹೋದರೆ ಐಜಿಎಸ್‌ಟಿ ₹7,200. ಬಿಲ್ಲಿನ ಮೊತ್ತ ಎರಡರಲ್ಲೂ ₹47,200. ಮಂಗಳೂರಿನವರು ತಮ್ಮದೇ ಪಿಕಪ್ ತಂದು ನಿಮ್ಮ ಅಂಗಡಿಯಿಂದಲೇ ತುಂಬಿಸಿಕೊಂಡು ಹೋದರೂ ಲೆಕ್ಕ ಬದಲಾಗದು. ಸಾಗಾಟ ಯಾರು ಮಾಡಿದರೂ ಅದು ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳವೆಂದು ಐಜಿಎಸ್‌ಟಿ ಕಾಯಿದೆಯ 10(1)(a) ಹೇಳುತ್ತದೆ.

ಈಗ ಮಂಜೇಶ್ವರದ ವಿಷಯ. ಮಂಗಳೂರಿನ ವ್ಯಾಪಾರಿ ನಿಮ್ಮಿಂದ ₹60,000ದ ಪೈಪು ಕೊಂಡು, ಅದನ್ನೇ ₹66,000ಕ್ಕೆ ಮಂಜೇಶ್ವರದ ಒಂದು ಅಂಗಡಿಗೆ ಮಾರಿದ್ದಾರೆ. "ನಮ್ಮಲ್ಲಿಗೆ ಕಳಿಸಬೇಡಿ, ನೇರ ಮಂಜೇಶ್ವರದಲ್ಲೇ ಇಳಿಸಿ" ಎಂದು ನಿಮಗೆ ಹೇಳಿದ್ದಾರೆ. ಇಲ್ಲಿ 10(1)(b) ಬರುತ್ತದೆ: ಯಾರ ಮಾತಿನ ಮೇಲೆ ಮಾಲು ಮೂರನೆಯವನಿಗೆ ಹೋಯಿತೋ ಅವನೇ ಮಾಲು ಪಡೆದನೆಂದು ಲೆಕ್ಕ, ಅವನ ವ್ಯವಹಾರದ ಮುಖ್ಯ ವಿಳಾಸವೇ ಪೂರೈಕೆಯ ಸ್ಥಳ. ಆದ್ದರಿಂದ ಬಿಲ್ಲು ಎರಡಾಗುತ್ತದೆ.

ನಿಮ್ಮ ಬಿಲ್ಲು ಮಂಗಳೂರಿನವರ ಹೆಸರಿಗೆ: `Place of Supply` ಜಾಗದಲ್ಲಿ `29-Karnataka`, ಬೆಲೆ ₹60,000, ಐಜಿಎಸ್‌ಟಿ ₹10,800, ಒಟ್ಟು ₹70,800. ಮಾಲು ಇಳಿಸುವ ವಿಳಾಸವೆಂದು ಮಂಜೇಶ್ವರವನ್ನು ಬೇರೆಯಾಗಿ ಬರೆಯಿರಿ.

ಅವರ ಬಿಲ್ಲು ಮಂಜೇಶ್ವರದ ಹೆಸರಿಗೆ: ಮಾರುವವರು ಕರ್ನಾಟಕದವರು, ಮಾಲು ಮುಟ್ಟುವುದು ಕೇರಳದಲ್ಲಿ, ಹಾಗಾಗಿ `32-Kerala`. ಬೆಲೆ ₹66,000, ಐಜಿಎಸ್‌ಟಿ ₹11,880, ಒಟ್ಟು ₹77,880.

ಪೈಪು ಕಾಸರಗೋಡು ತಾಲೂಕಿನಿಂದ ಪಕ್ಕದ ಮಂಜೇಶ್ವರ ತಾಲೂಕಿಗೆ ಹೋಯಿತು ಅಷ್ಟೆ, ಬಿಲ್ಲು ಮಾತ್ರ ಎರಡು ಸಲ ಗಡಿ ದಾಟಿತು! ಮೊತ್ತ ₹50,000 ಮೀರಿರುವುದರಿಂದ ಇ-ವೇ ಬಿಲ್ ಬೇಕು. ನೀವಾದರೂ ಮಾಡಬಹುದು, ಮಂಗಳೂರಿನವರಾದರೂ ಮಾಡಬಹುದು. ಮಾಡುವಾಗ `Bill To - Ship To` ಬಗೆಯನ್ನೇ ಆರಿಸಿ.

ಇಳಿಯುವ ಊರು ನೋಡಿ ನೀವು ₹5,400 ಮತ್ತು ₹5,400 ಎಂದು ಒಡೆದು ಹಾಕಿದರೆ ಪೆಟ್ಟು ಬೀಳುವುದು ಮಂಗಳೂರಿನವರಿಗೆ. ಕೇರಳದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿಯ ಕ್ರೆಡಿಟ್ ಕರ್ನಾಟಕದ ನೋಂದಣಿಗೆ ಸಿಗುವುದಿಲ್ಲ. ಅವರ ಜಿಎಸ್‌ಟಿಆರ್-2ಬಿಯಲ್ಲಿ ನಿಮ್ಮ ಬಿಲ್ಲು ಕಾಣುತ್ತದೆ, ಆದರೆ ಸಿಗದ ಕ್ರೆಡಿಟ್ಟಿನ ಪಟ್ಟಿಯಲ್ಲಿ. ಸರಿಯಾದ ಬಿಲ್ಲಿದ್ದರೆ ಅವರು ₹11,880ರಲ್ಲಿ ₹10,800 ಕಳೆದು ₹1,080 ಕಟ್ಟಿದರೆ ಸಾಕಿತ್ತು. ಈಗ ಪೂರ್ತಿ ₹11,880 ಕೈಯಿಂದ ಹೋಗುತ್ತದೆ. ನಿಮ್ಮ ಬಾಕಿ ಹಣದಲ್ಲಿ ತೆರಿಗೆಯಷ್ಟನ್ನು ಅವರು ತಡೆಹಿಡಿದರೆ ಆಶ್ಚರ್ಯವಿಲ್ಲ.

ನೋಂದಣಿ ಇಲ್ಲದ ಗಿರಾಕಿಯ ನಿಯಮ ಬೇರೆ. 2023ರ ಅಕ್ಟೋಬರ್ 1ರಿಂದ ಬಿಲ್ಲಿನಲ್ಲಿ ಬರೆದ ಅವರ ವಿಳಾಸವೇ ಪೂರೈಕೆಯ ಸ್ಥಳ. ರಾಜ್ಯದ ಹೆಸರಷ್ಟೇ ಬರೆದರೂ ಸಾಕು. ಉಳ್ಳಾಲದ ಮನೆಯವರು ವಿಳಾಸ ಕೊಟ್ಟರೆ ಐಜಿಎಸ್‌ಟಿ, ಏನೂ ಬರೆಯದಿದ್ದರೆ ಮಾರುವವನ ಸ್ಥಳವೇ ಲೆಕ್ಕ, ಅಂದರೆ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ. ಅಂದಹಾಗೆ ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಹೊರರಾಜ್ಯಕ್ಕೆ ಮಾಲು ಮಾರುವಂತೆಯೇ ಇಲ್ಲ.

ತಪ್ಪು ತೆರಿಗೆ ಆಗಲೇ ಕಟ್ಟಿಯಾಗಿದ್ದರೆ ದಾರಿ ಎರಡು. ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಕೊಟ್ಟು ಹೊಸದಾಗಿ ಐಜಿಎಸ್‌ಟಿ ಬಿಲ್ಲು ಮಾಡುವುದು ಒಂದು. ಇಲ್ಲವೇ ಸರಿಯಾದ ಐಜಿಎಸ್‌ಟಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಸಿಜಿಎಸ್‌ಟಿ ಕಾಯಿದೆಯ 77ನೇ ಸೆಕ್ಷನ್ ಪ್ರಕಾರ ವಾಪಸು ಕೇಳುವುದು. ಇದರಲ್ಲಿ ತಡವಾಗಿ ಕಟ್ಟಿದ ಐಜಿಎಸ್‌ಟಿಗೆ ಬಡ್ಡಿ ಇಲ್ಲ, ಅದನ್ನು ಕಟ್ಟಿದ ದಿನದಿಂದ 2 ವರ್ಷದೊಳಗೆ `RFD-01` ಹಾಕಬೇಕು. ಕ್ರೆಡಿಟ್ ನೋಟಿನ ಮೂಲಕ ಹೊಂದಿಸಿಕೊಂಡ ಬಿಲ್ಲಿಗೆ ಮತ್ತೆ ರೀಫಂಡ್ ಕೇಳಿದರೆ ಸಿಗದು.