ಒಂದೇ ವಿಷಯ, ಕೆಳಕ್ಕೊಂದು ಪತ್ರ, ಮೇಲಕ್ಕೊಂದು ಪತ್ರ: ಮಾದರಿ ವಹಿಯ ಕೆಲಸ ಎಲ್ಲಿಗೆ ಬಂತು

ಕಚೇರಿ ಪತ್ರಗಳ ಮಾದರಿ ವಹಿಯೊಂದನ್ನು ಬಿಡುವಾದಾಗಲೆಲ್ಲ ಕಟ್ಟುತ್ತಾ ಬಂದಿದ್ದೇನೆ. ರಜೆ ಅರ್ಜಿ, ಸಭೆಯ ತಿಳುವಳಿಕೆ ಪತ್ರದಂಥ ಸಣ್ಣವು ಮುಗಿದಿವೆ. ಅವುಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಈ ಸಲ ಹಿಡಿದದ್ದು ಬೇರೆ ಥರದ ಕೆಲಸ. ಒಂದೇ ವಿಷಯ ಮೇಲಿನ ಕಚೇರಿಯಿಂದ ಕೆಳಗಿಳಿದು, ಉತ್ತರವಾಗಿ ಮತ್ತೆ ಮೇಲೆ ಹತ್ತುವಾಗ ವಾಕ್ಯದ ಕೊನೆಯ ಕ್ರಿಯಾಪದ ಹೇಗೆ ಬದಲಾಗುತ್ತದೆ ಅನ್ನುವುದನ್ನು ಪೂರ್ತಿ ಬರೆದು ನೋಡುವುದು.

ನಮ್ಮ ಬಾಗಲಕೋಟೆ ಜಿಲ್ಲೆಯದೇ ಒಂದು ಸನ್ನಿವೇಶ ಇಟ್ಟುಕೊಂಡೆ. ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೊಳವೆಬಾವಿಯ ಪಂಪು ಕೆಟ್ಟಿದೆ ಅಂತ ಇಟ್ಟುಕೊಳ್ಳಿ. ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ವರದಿ ಕೇಳುತ್ತಾರೆ. ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಇಒ, ಅದನ್ನು ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ ದಾಟಿಸುತ್ತಾರೆ. ಪಿಡಿಒ ಉತ್ತರ ಬರೆಯುತ್ತಾರೆ, ಇಒ ಅದನ್ನು ಜಿಲ್ಲೆಗೆ ಕಳಿಸುತ್ತಾರೆ. ನಾಲ್ಕು ಪತ್ರ, ವಿಷಯ ಒಂದೇ.

ಮೊದಲು ಕೆಳಗೆ ಹೋಗುವ ಪತ್ರ. ಇಒ ಅವರಿಂದ ಪಿಡಿಒಗೆ. ವರದಿ ಬೇಕು ಅನ್ನುವುದನ್ನು ಹೇಳಲು ರೂಢಿಯಲ್ಲಿರುವ ರೂಪಗಳನ್ನೆಲ್ಲ ಒಂದರ ಕೆಳಗೊಂದು ಬರೆದುಕೊಂಡೆ:

ವರದಿ ಸಲ್ಲಿಸತಕ್ಕದ್ದು.
ವರದಿ ಸಲ್ಲಿಸುವುದು.
ವರದಿ ಸಲ್ಲಿಸಬೇಕು.
ವರದಿ ಸಲ್ಲಿಸುವಂತೆ ಸೂಚಿಸಿದೆ.
ವರದಿ ಸಲ್ಲಿಸಲು ತಿಳಿಸಿದೆ.

ಮೇಲಿಂದ ಕೆಳಕ್ಕೆ ಬರುತ್ತಾ ಬಿಗಿ ಸಡಿಲವಾಗುತ್ತದೆ. 'ತಕ್ಕದ್ದು' ಅನ್ನುವುದು ಕಾಯಿದೆ, ನಿಯಮ, ಟೆಂಡರ್ ಷರತ್ತುಗಳ ಮಾತು. ಅಲ್ಲಿ ಅದು ಸರಿಯಾಗಿ ಕೂಡುತ್ತದೆ, ಯಾಕಂದರೆ ಅದು ಯಾರೋ ಒಬ್ಬರಿಗೆ ಹೇಳಿದ್ದಲ್ಲ, ಎಲ್ಲರಿಗೂ ಅನ್ವಯಿಸುವ ಕಟ್ಟಳೆ. ಒಬ್ಬ ಪಿಡಿಒಗೆ ಬರೆಯುವ ಪತ್ರದಲ್ಲಿ ಬಂದರೆ ಅದೇ ಮಾತು ಗದರಿಕೆ ಆಗುತ್ತದೆ. 'ಸಲ್ಲಿಸುವುದು' ಚಿಕ್ಕದು, ಸುತ್ತೋಲೆಗೆ ಒಪ್ಪುತ್ತದೆ. ನಾನು ವಹಿಗೆ ಹಾಕಿದ್ದು 'ಸಲ್ಲಿಸುವಂತೆ ಸೂಚಿಸಿದೆ'. ಇದು ಆದೇಶವೇ, ಅದರಲ್ಲಿ ಅನುಮಾನವಿಲ್ಲ. ಆದರೂ ಓದುವವರ ಮುಖಕ್ಕೆ ಬೆರಳು ತೋರಿಸುವುದಿಲ್ಲ. 'ತಿಳಿಸಿದೆ' ಎಂದು ಮುಗಿಸಿದರೆ ಕೆಲವೊಮ್ಮೆ ಬರೀ ಮಾಹಿತಿ ಎಂದುಕೊಂಡು ಕಡತಕ್ಕೆ ಸೇರಿಸಿಬಿಡುತ್ತಾರೆ. ಅವಧಿ ಇರುವ ಕೆಲಸಕ್ಕೆ ಅದು ಬೇಡ.

ಪಕ್ಕದ ಮನೆಯ ಕಾಕಾ ನಿವೃತ್ತ ಶಿರಸ್ತೇದಾರರು. ಪ್ರತಿಯೊಂದು ಕರಡನ್ನೂ ಕನ್ನಡಕ ಏರಿಸಿಕೊಂಡು ಓದಿ ಕೊಡುತ್ತಾರೆ. ಈ ಪಟ್ಟಿ ನೋಡಿ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು: "ಮ್ಯಾಲಿನವ್ರಿಗೆ ಎಲ್ಲಾರೂ ಬಗ್ಗಿ ಬರಿತಾರ ತಂಗಿ. ಕೆಳಗಿನವ್ರಿಗೆ ಹೆಂಗ ಬರಿತೀವಿ ಅನ್ನೂದ್ರಾಗ ನಮ್ಮ ಕಚೇರಿ ಗೊತ್ತಾಗ್ತದ."

ಇನ್ನು ಮೇಲಕ್ಕೆ ಹೋಗುವ ಪತ್ರ. ನಮ್ಮ ಕಡೆ ಮಾತಿನಲ್ಲಿ ಗೌರವ ಪೂರ್ತಿ 'ರಿ'ಯಲ್ಲಿದೆ. "ಸರ, ವರದಿ ಕಳಸ್ರಿ" ಅಂದರೆ ಸಾಹೇಬರಿಗೂ ಸಾಕು, ಜವಾನರಿಗೂ ಸಾಕು. ಕಾಗದದ ಮೇಲೆ ಅದೇ 'ಕಳುಹಿಸಿರಿ' ಹಿರಿಯ ಅಧಿಕಾರಿಗೆ ಹೋದರೆ ಅಪ್ಪಣೆಯಂತೆ ಓದಿಸಿಕೊಳ್ಳುತ್ತದೆ. ಹಾಗಾಗಿ ಮೇಲಿನ ಪತ್ರದಲ್ಲಿ ವಿಧಿರೂಪವನ್ನೇ ಬಿಟ್ಟು 'ಅನುಮೋದನೆ ನೀಡಬೇಕಾಗಿ ಕೋರಿದೆ' ಎಂದು ಮುಗಿಸಬೇಕು. ಅಷ್ಟು ಮಾಡಿದರೆ ಗೌರವ ಬಂತು. ಅದರ ಮೇಲೆ 'ತಮ್ಮ ಅಮೂಲ್ಯ ಸನ್ನಿಧಾನದಲ್ಲಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುತ್ತಾ' ಅನ್ನುವುದೆಲ್ಲ ಬೇಕಿಲ್ಲ. ಅದರಲ್ಲಿ ಕೇಳಿದ್ದು ಏನು ಅನ್ನುವುದೇ ಮುಳುಗಿಹೋಗುತ್ತದೆ.

ಪಿಡಿಒ ಅವರ ಉತ್ತರದ ಕರಡು ಹೀಗಿದೆ: 'ಸದರಿ ಕೊಳವೆಬಾವಿಯನ್ನು ಸ್ಥಳ ಪರಿಶೀಲನೆ ಮಾಡಲಾಗಿದೆ. ಪಂಪಿನ ಮೋಟಾರು ಸುಟ್ಟಿರುವುದು ಕಂಡುಬಂದಿದೆ. ದುರಸ್ತಿಯ ಅಂದಾಜು ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿ, ಮುಂದಿನ ಕ್ರಮಕ್ಕಾಗಿ ಸಲ್ಲಿಸಿದೆ.' ಮೇಲಕ್ಕೆ ಹೋಗುವ ಕಾಗದ 'ಸಲ್ಲಿಸಿದೆ', ಕೆಳಕ್ಕೆ ಬರುವುದು 'ಕಳುಹಿಸಿದೆ'. ಸಮಾನ ದರ್ಜೆಯ ಕಚೇರಿಗೆ 'ಕಳುಹಿಸಿಕೊಡಲಾಗಿದೆ' ಎಂದರೆ ಚೆನ್ನಾಗಿರುತ್ತದೆ.

ಇಲ್ಲಿ ಹಳೆಯ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದೋಷವನ್ನು ವಹಿಯಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದೇನೆ: 'ನಾನು ಸ್ಥಳ ಪರಿಶೀಲನೆ ಮಾಡಲಾಗಿದೆ.' 'ಮಾಡಲಾಗಿದೆ' ಅನ್ನುವಲ್ಲಿ ಮಾಡಿದವರಿಗೆ ಜಾಗವಿಲ್ಲ. ನಾನು ಬೇಕೆಂದರೆ 'ನಾನು ಪರಿಶೀಲಿಸಿರುತ್ತೇನೆ' ಅನ್ನಬೇಕು. ಕಚೇರಿ ಬೇಕೆಂದರೆ 'ಈ ಕಚೇರಿಯಿಂದ ಪರಿಶೀಲಿಸಲಾಗಿದೆ'. ಕಂಡುಹಿಡಿಯುವುದು ಸುಲಭ. '-ಲಾಗಿದೆ' ಕಂಡಲ್ಲಿ ಹಿಂದಕ್ಕೆ ಹೋಗಿ 'ನಾನು', 'ನಾವು', 'ಅಧಿಕಾರಿಗಳು' ಎಂದು ಕರ್ತೃ ಇದೆಯೇ ನೋಡಿ. ಇದ್ದರೆ ಎರಡರಲ್ಲಿ ಒಂದನ್ನು ಬದಲಿಸಿ. ಜೊತೆಗೆ, ಸ್ಥಳಕ್ಕೆ ಯಾರು ಹೋಗಿದ್ದರು ಅನ್ನುವುದು ಮುಖ್ಯವಾದಾಗ '-ಲಾಗಿದೆ' ಬಳಸಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಹೊಣೆ ಯಾರದು ಅಂತ ಗೊತ್ತಾಗಬೇಕು ಅಲ್ವಾ?

ಹೆಚ್ಚು ಹೊತ್ತು ತೆಗೆದುಕೊಂಡದ್ದು 'ತಮ್ಮ'. ಇಒ ಜಿಲ್ಲೆಗೆ ಬರೆಯುವ ಪತ್ರದಲ್ಲಿ ಈ ವಾಕ್ಯ ಇತ್ತು: 'ಅಂದಾಜು ಪಟ್ಟಿಯ ಮೂಲ ಪ್ರತಿ ತಮ್ಮ ಕಚೇರಿಯಲ್ಲಿದೆ ಎಂದು ಪಿಡಿಒ ಅವರು ತಿಳಿಸಿರುತ್ತಾರೆ.' ಮೂಲ ಪ್ರತಿ ಎಲ್ಲಿದೆ? ಪಿಡಿಒ ಕಚೇರಿಯಲ್ಲೋ, ಪತ್ರ ಓದುತ್ತಿರುವ ಸಾಹೇಬರ ಕಚೇರಿಯಲ್ಲೋ? ಎರಡೂ ಅರ್ಥ ಬರುತ್ತವೆ. 'ತಾವು' ಎದುರಿನವರಿಗೆ ಹೇಳುವ ಗೌರವದ ಮಾತೂ ಹೌದು, 'ಅವರು ತಮ್ಮ' ಎಂದು ಮೂರನೆಯವರಿಗೆ ಹಿಂದಿರುಗುವ ಮಾತೂ ಹೌದು. ಮೂರನೆಯವರೊಬ್ಬರು ವಾಕ್ಯದೊಳಗೆ ಬಂದರೆ 'ತಮ್ಮ' ಬಿಟ್ಟು ಕಚೇರಿಯ ಹೆಸರನ್ನೇ ಬರೆಯಬೇಕು: 'ಮೂಲ ಪ್ರತಿಯು ಗ್ರಾಮ ಪಂಚಾಯತಿ ಕಚೇರಿಯಲ್ಲಿದೆ ಎಂದು...' ಗೌರವ ಎಲ್ಲೂ ಕಡಿಮೆ ಆಗುವುದಿಲ್ಲ. ಇನ್ನೊಂದು, ಎದುರಿನವರಿಗೆ 'ತಾವು' ಅಂದಮೇಲೆ ಕ್ರಿಯಾಪದ 'ಸೂಚಿಸಿರುತ್ತೀರಿ' ಆಗಬೇಕು. 'ತಾವು ಸೂಚಿಸಿರುತ್ತಾರೆ' ಆಗುವುದಿಲ್ಲ.

ಪತ್ರದ ಕೆಳಗಿನ 'ಪ್ರತಿ' ಭಾಗ ಇನ್ನೂ ಅರ್ಧವಾಗಿದೆ. ಒಂದೇ ಪತ್ರದ ಪ್ರತಿ ಮೇಲಿನವರಿಗೂ ಹೋಗುತ್ತದೆ, ಕೆಳಗಿನವರಿಗೂ ಹೋಗುತ್ತದೆ. ಎಲ್ಲರ ಹೆಸರನ್ನೂ ಒಂದೇ ಸಾಲಿಗೆ ಕಟ್ಟಿ 'ಇವರಿಗೆ ಮಾಹಿತಿಗಾಗಿ ಕಳುಹಿಸಿದೆ' ಎಂದರೆ ಯಾರಿಗೋ ಒಬ್ಬರಿಗೆ ತಪ್ಪುತ್ತದೆ. ಮೇಲಿನವರಿಗೆ 'ಅವಗಾಹನೆಗಾಗಿ ಸಲ್ಲಿಸಿದೆ', ಕೆಳಗಿನವರಿಗೆ 'ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ ಕಳುಹಿಸಿದೆ' ಎಂದು ಬೇರೆ ಬೇರೆ ಸಾಲು ಮಾಡಿದ್ದೇನೆ.

ಕೊನೆಗೆ ನೆನಪೋಲೆ. ಪಿಡಿಒ ಉತ್ತರ ಬರಲಿಲ್ಲ ಎಂದರೆ ಇಒ ಏನು ಬರೆಯಬೇಕು? 'ತಾವು ಈವರೆಗೂ ವರದಿ ಸಲ್ಲಿಸಿಲ್ಲ' ಎಂದು ಶುರುಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಬರೆಯುವವರಿಗೆ ಗೊತ್ತಿರುವುದು ವರದಿ ತಮ್ಮ ಕಚೇರಿಗೆ ಬಂದ ಪತ್ರಗಳ ಆವಕ ವಹಿಯಲ್ಲಿ ನಮೂದಾಗಿಲ್ಲ ಅನ್ನುವುದಷ್ಟೇ. ಅದು ಅಲ್ಲಿಂದ ಜಾವಕ ನಂಬರು ಬಿದ್ದು ಹೊರಟು, ಟಪಾಲಿನಲ್ಲಿ ಸಿಕ್ಕಿಕೊಂಡಿರಬಹುದು. ಆದ್ದರಿಂದ 'ಸದರಿ ವರದಿಯು ಈ ಕಚೇರಿಯಲ್ಲಿ ಈವರೆಗೆ ಸ್ವೀಕೃತವಾಗಿರುವುದಿಲ್ಲ' ಎಂದು ಹಾಕಿದೆ. ಮಾತು ವರದಿಯ ಬಗ್ಗೆ, ಮನುಷ್ಯನ ಬಗ್ಗೆ ಅಲ್ಲ. ಎರಡನೆಯ ನೆನಪೋಲೆಯಲ್ಲಿ ಬಿಗಿ ಬೇಕೆಂದರೆ 'ಕೂಡಲೇ' ಅನ್ನುವ ಬದಲು ತಾರೀಖು ಕೊಡಬಹುದು. ಜೊತೆಗೆ 'ತಪ್ಪಿದಲ್ಲಿ ಮೇಲಧಿಕಾರಿಗಳಿಗೆ ವರದಿ ಮಾಡಲಾಗುವುದು' ಎಂದು ಮುಂದಿನ ಹೆಜ್ಜೆಯನ್ನೂ ಹೇಳಬಹುದು. ಆಗಲೂ 'ತಾವು' ಇದ್ದದ್ದು 'ನೀವು' ಆಗಬಾರದು.

ಮುಂದೆ ಹಿಡಿಯುವುದು ಅರೆ ಸರ್ಕಾರಿ ಪತ್ರ. ಅಲ್ಲಿ ಅಧಿಕಾರಿ ಹೆಸರು ಹಿಡಿದು 'ಪ್ರಿಯ ಶ್ರೀ' ಎಂದು ಶುರುಮಾಡಿ, 'ಕೋರಿದೆ' ಬಿಟ್ಟು 'ಕೋರುತ್ತೇನೆ' ಎಂದು ನೇರವಾಗಿ ಬರೆಯುತ್ತಾರೆ. ಕಾಕಾ ಅದಕ್ಕೆ ತಮ್ಮ ಹಳೆ ಕರಡುಗಳನ್ನು ಹುಡುಕಿ ಕೊಡುತ್ತೇನೆಂದಿದ್ದಾರೆ.