ಅಷ್ಟಮಿ ಕಳೆದ ಮೇಲೂ ನಮ್ಮ ನಂಬರ್ ಫೋನಿನಲ್ಲಿ ಉಳಿಯಬೇಕು

ನಮ್ಮದು ಉಡುಪಿಯಲ್ಲಿ ಉಂಡೆ-ಚಕ್ಕುಲಿ ಮಾಡಿಕೊಡುವ ಮನೆ ವ್ಯಾಪಾರ. ಒಲೆ ದೊಡ್ಡಮ್ಮನದು, ಆರ್ಡರ್ ನನ್ನದು. ಅಷ್ಟಮಿ, ಚೌತಿಗೆ ಊಟಕ್ಕೂ ಪುರುಸೊತ್ತಿಲ್ಲ. ದೀಪಾವಳಿ ದಾಟಿದರೆ ಕೇಳುವವರಿಲ್ಲ.

ಆ ಖಾಲಿ ತಿಂಗಳುಗಳಿಗೆ ನಾನು ನೆಚ್ಚಿಕೊಂಡಿರುವುದು ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ಅದರಲ್ಲೊಂದು ಕೊಕ್ಕೆ ಇದೆ. ಗಿರಾಕಿ ನಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ತಲುಪುತ್ತದೆ. ಸ್ಟೇಟಸ್ ಕೂಡ ಹಾಗೆಯೇ. ಫೆಬ್ರವರಿಯಲ್ಲಿ ಯಾರೂ ಸುಮ್ನೆ ಕೂತು ಉಂಡೆಯವರ ನಂಬರ್ ಸೇವ್ ಮಾಡುವುದಿಲ್ಲ, ಅಲ್ವಾ? ಹಾಗಾಗಿ ಆ ಕೆಲಸ ಅಷ್ಟಮಿಯ ಗಡಿಬಿಡಿಯಲ್ಲೇ ಮುಗಿಯಬೇಕು.

ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳುತ್ತೇನೆ: "ಅಕ್ಕಾ, ಡಬ್ಬಿ ರೆಡಿ ಆದ ಕೂಡಲೇ ಇದೇ ನಂಬರಿಂದ ಮೆಸೇಜ್ ಬರ್ತದೆ. ಡಬ್ಬಿ ಮೇಲಿರುವ ಹೆಸರಲ್ಲೇ ಸೇವ್ ಮಾಡಿಕೊಳ್ಳಿ." ಡಬ್ಬಿ ಬೇಕಲ್ಲ, ಅಲ್ಲೇ ನಿಂತು ಮಾಡುತ್ತಾರೆ. ಆ 'ರೆಡಿ' ಮೆಸೇಜನ್ನೂ ಬ್ರಾಡ್‌ಕಾಸ್ಟ್‌ನಲ್ಲೇ ಕಳಿಸುತ್ತೇನೆ. ಆಮೇಲೆ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರಿಗೆ ತಲುಪಿದೆ ಅಂತ ಗೊತ್ತಾಗುತ್ತದೆ. ಸಂಜೆಯಾದರೂ ತಲುಪದವರಿಗೆ ಫೋನ್ ಮಾಡುತ್ತೇನೆ. ಕೆಲವರ ಫೋನ್ ಆಫ್ ಆಗಿರುತ್ತದೆ, ಹೆಚ್ಚಿನವರು ಸೇವ್ ಮಾಡಿರುವುದಿಲ್ಲ. ಡಬ್ಬಿ ಒಯ್ಯಲು ಬಂದಾಗ ಇನ್ನೊಮ್ಮೆ ನೆನಪಿಸಿದರಾಯಿತು.

ಆಮೇಲೆ ತಿಂಗಳಿಗೆ ಒಂದೇ ಮೆಸೇಜ್. ಗುಡ್ ಮಾರ್ನಿಂಗ್, ಹೂವಿನ ಚಿತ್ರ ಎಲ್ಲ ಬೇಡ ಮಾರಾಯ್ರೆ. ಆ ತಿಂಗಳು ನಿಜಕ್ಕೂ ಕೊಡಲು ಸಾಧ್ಯವಿರುವ ಒಂದು ತಿಂಡಿ, ಅದರ ರೇಟು, ಯಾವ ದಿನ ಸಿಗುತ್ತದೆ, ಅಷ್ಟೇ. ಸಂಕ್ರಾಂತಿಗೆ ಎಳ್ಳುಂಡೆ. ಮಳೆಗಾಲದಲ್ಲಿ ಚಕ್ಕುಲಿಯ ಸುದ್ದಿಯೇ ಎತ್ತುವುದಿಲ್ಲ. ನಮ್ಮ ಕರಾವಳಿಯ ಹವೆಗೆ ಡಬ್ಬಿ ತೆರೆದಿಟ್ಟರೆ ಬೇಗ ಮೆತ್ತಗಾಗುತ್ತದೆ, ಆ ಹೆಸರು ಅಷ್ಟಮಿವರೆಗೂ ಹಿಂಬಾಲಿಸುತ್ತದೆ. ಆಗ ಬಾಣಂತಿಯರಿಗೆ ಮೆಂತೆ ಉಂಡೆ, ಅದೂ ಆರ್ಡರ್ ಕೊಟ್ಟರೆ ಮಾತ್ರ. ಹೆರಿಗೆ ಹಬ್ಬ ನೋಡಿಕೊಂಡು ಬರುವುದಿಲ್ಲವಲ್ಲ! ವ್ಯಾಪಾರ ಸಣ್ಣದೇ. ಆದರೆ ಒಬ್ಬರು ಕೇಳಿದರೆ ಅವರ ಮನೆಮಂದಿಗೆಲ್ಲ ನಮ್ಮ ಹೆಸರು ಮತ್ತೆ ನೆನಪಾಗುತ್ತದೆ.

ಫೋಟೋ ಮಾತ್ರ ಬದಲಾಗಬಾರದು. ಯಾವ ತಿಂಡಿಯಾದರೂ ಅದೇ ಕೆಂಪು ಮುಚ್ಚಳದ ಡಬ್ಬಿ, ಅದೇ ಲೇಬಲ್, ಕಿಟಕಿ ಪಕ್ಕದ ಅದೇ ಮರದ ಮೇಜು. ನಮ್ಮ ಡಿಪಿಯೂ ಅದೇ. ದೊಡ್ಡಮ್ಮನಿಗೆ ವರ್ಷಕ್ಕೊಂದು ಹೊಸ ಬಣ್ಣದ ಡಬ್ಬಿ ತರುವ ಆಸೆ, ನಾನು ಬಿಡುವುದಿಲ್ಲ. ಜನ ಮೆಸೇಜ್ ಓದುವ ಮೊದಲು ನೋಡುವುದು ಆ ಚಿಕ್ಕ ಚಿತ್ರವನ್ನು.

"ಇನ್ನು ಕಳಿಸಬೇಡಿ" ಅಂದವರ ಹೆಸರನ್ನು ಅವತ್ತೇ ಲಿಸ್ಟಿನಿಂದ ತೆಗೆಯುತ್ತೇನೆ. ಬೇಜಾರಾಗಿ ಬ್ಲಾಕ್ ಮಾಡಿಬಿಟ್ಟರೆ, ಮುಂದಿನ ಅಷ್ಟಮಿಗೆ ಡಬ್ಬಿ ರೆಡಿ ಅಂತ ಮೆಸೇಜ್ ಹಾಕಲೂ ಆಗುವುದಿಲ್ಲ.